ಆನ್‌ಲೈನ್ ಉಪನ್ಯಾಸಕ್ಕೆ ವಂದನಾರ್ಪಣೆ: ಒಂದು ನಿಮಿಷ, ಒಂದೇ ಅಂಶ

‘ತುಂಬಾ ಉಪಯುಕ್ತ ಮಾಹಿತಿ ಕೊಟ್ಟಿರಿ, ಧನ್ಯವಾದಗಳು’ ಎಂಬ ಮಾತು ಯಾವ ಉಪನ್ಯಾಸಕ್ಕಾದರೂ ಹೊಂದುತ್ತದೆ. ಕೇಳುಗರೆಲ್ಲ ಕ್ಯಾಮೆರಾ ಆಫ್ ಮಾಡಿ ಕೂತಿರುವಾಗ ಮುಕ್ಕಾಲು ಗಂಟೆ ಮಾತನಾಡಿದವರಿಗೆ ತಮ್ಮ ಮಾತು ಯಾರಿಗಾದರೂ ತಲುಪಿತೇ ಎಂಬುದೇ ತಿಳಿದಿರುವುದಿಲ್ಲ. ತಲುಪಿದೆ ಎಂದು ಅವರಿಗೆ ತೋರಿಸಿಕೊಡುವುದು ವಂದನಾರ್ಪಣೆ ಮಾಡುವವರ ಕೆಲಸ.

ಈ ಕೆಲಸ ಉಪನ್ಯಾಸ ನಡೆಯುವಾಗಲೇ ಶುರುವಾಗಬೇಕು. ಸ್ಲೈಡಿನ ತಲೆಬರಹಗಳನ್ನು ಬರೆದುಕೊಳ್ಳಬೇಡಿ, ಅವು ಎಲ್ಲರ ಕಣ್ಣೆದುರಿಗೇ ಇವೆ. ‘ಅರೆ, ನಾವು ಮಾಡುತ್ತಿದ್ದದ್ದು ಹೀಗಲ್ಲವಲ್ಲ’ ಎನ್ನಿಸಿದ ಮಾತನ್ನು ಅತಿಥಿಯದೇ ಪದಗಳಲ್ಲಿ, ಅಂಕಿ ಸಮೇತ ಗುರುತು ಹಾಕಿಕೊಳ್ಳಿ. ಇಂಥ ಮಾತು ಹಲವು ಸಲ ಪ್ರಶ್ನೋತ್ತರದಲ್ಲಿ ಸಿಗುತ್ತದೆ, ಆದ್ದರಿಂದ ಅಲ್ಲಿಯವರೆಗೂ ಪೆನ್ನು ಕೆಳಗಿಡಬೇಡಿ.

ಉಪನ್ಯಾಸ ಸುಟ್ಟ ಗಾಯದ ಪ್ರಥಮ ಚಿಕಿತ್ಸೆಯ ಬಗ್ಗೆ ಇತ್ತು ಎಂದುಕೊಳ್ಳಿ. ‘ಪ್ರಥಮ ಚಿಕಿತ್ಸೆಯ ಮಹತ್ವ ಮನವರಿಕೆಯಾಯಿತು’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಬದಲಿಗೆ ಹೀಗೆ ಹೇಳಬಹುದು: ‘ಡಾಕ್ಟರೇ, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಮಂಜುಗಡ್ಡೆ ಇಡಬಾರದು ಎಂದಿರಿ. ನಮ್ಮಲ್ಲಿ ಹಲವರು ಮೊದಲು ಹುಡುಕುತ್ತಿದ್ದದ್ದೇ ಮಂಜುಗಡ್ಡೆಯನ್ನು. ಅತಿಯಾದ ತಂಪು ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ ಎಂಬ ಕಾರಣವನ್ನೂ ನೀವು ಹೇಳಿದ್ದರಿಂದ ಇದು ಮರೆಯುವುದಿಲ್ಲ. ನಮ್ಮ ಪ್ರಯೋಗಾಲಯದ ಗೋಡೆಯ ಸೂಚನೆಯನ್ನು ಈ ವಾರವೇ ತಿದ್ದುತ್ತೇವೆ. ನಿಮಗೆ ನಮ್ಮೆಲ್ಲರ ಧನ್ಯವಾದಗಳು.’

ಅತಿಥಿ ಹೇಳಿದ್ದು, ನಾವು ಈವರೆಗೆ ಮಾಡುತ್ತಿದ್ದದ್ದು, ಇನ್ನು ಬದಲಾಗುವುದು, ಮೂರೂ ಇಲ್ಲಿವೆ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದು. ಐದು ಅಂಶ ಸೇರಿಸಲು ಹೊರಟರೆ ಅದು ಉಪನ್ಯಾಸದ ಸಾರಾಂಶವಾಗಿಬಿಡುತ್ತದೆ, ಅತಿಥಿಯ ಮಾತನ್ನು ಅತಿಥಿಗೇ ಒಪ್ಪಿಸಿದಂತೆ. ಅಂಕಿಯ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ಪ್ರಶ್ನೋತ್ತರದ ವೇಳೆಯಲ್ಲೇ ಚಾಟ್‌ನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಕೊನೆಯಲ್ಲಿ ನೀವು 20ರ ಬದಲು 2 ಎಂದರೆ ಕೇಳುಗರು ಆ 2 ಅನ್ನೇ ಹೊತ್ತು ಹೋಗುತ್ತಾರೆ, ತಿದ್ದುವ ಮುಜುಗರ ಅತಿಥಿಯ ಪಾಲಿಗೆ ಬರುತ್ತದೆ.

ವಂದನೆಯನ್ನು ಫೀಡ್‌ಬ್ಯಾಕ್ ಲಿಂಕ್ ಹಾಕುವ ಮೊದಲೇ ಮುಗಿಸಿ. ಲಿಂಕ್ ಕಂಡ ಕೂಡಲೇ ಜನ ಹೊರಡುತ್ತಾರೆ, ಖಾಲಿಯಾಗುತ್ತಿರುವ ಪರದೆಯ ಮುಂದೆ ಧನ್ಯವಾದ ಹೇಳಬೇಕಾಗುತ್ತದೆ. ಎಲ್ಲರೂ ಮೈಕ್ ಆನ್ ಮಾಡಿ ಚಪ್ಪಾಳೆ ತಟ್ಟುವುದೂ ಬೇಡ. ಗದ್ದಲ ತಗ್ಗಿಸುವ ವ್ಯವಸ್ಥೆ ಚಪ್ಪಾಳೆಯನ್ನೂ ಗದ್ದಲವೆಂದು ಎಣಿಸಿ ಕತ್ತರಿಸಬಹುದು, ಆಗ ಅತಿಥಿಗೆ ಕೇಳುವುದು ತುಂಡು ತುಂಡು ಸದ್ದು. ಅದರ ಬದಲು ತಮಗೆ ಹಿಡಿಸಿದ ಒಂದು ಅಂಶವನ್ನು ಚಾಟ್‌ನಲ್ಲಿ ಬರೆಯಲು ಕೇಳಿ, ಒಂದೆರಡು ನಿಮಿಷ ಬಿಡಿ.

ಸಭೆ ಮುಚ್ಚುವ ಮೊದಲು ಆ ಚಾಟ್ ಉಳಿಸಿಕೊಳ್ಳಿ, ಮುಚ್ಚಿದ ಮೇಲೆ ಅದು ಸಿಗದೇ ಹೋಗಬಹುದು. ಮರುದಿನದೊಳಗೆ ಕಳಿಸುವ ನಾಲ್ಕು ಸಾಲಿನ ಇಮೇಲ್‌ಗೆ ಅದರಿಂದ ಎರಡು ಮೂರು ಸಾಲುಗಳನ್ನು, ಬರೆದವರ ಹೆಸರಿಲ್ಲದೆ, ಸೇರಿಸಿ. ಗೋಡೆಯ ಸೂಚನೆ ನಿಜವಾಗಿ ಬದಲಾದ ದಿನ ಅದರ ಫೋಟೊವನ್ನೂ ಅದೇ ಇಮೇಲ್‌ಗೆ ಉತ್ತರವಾಗಿ ಕಳಿಸಿ.