ಸ್ಕ್ಯಾನಿಂಗ್ ವರದಿ ಓದುವಾಗ ಮೊದಲು ನೋಡಬೇಕಾದದ್ದು ತಾರೀಖು

ಸ್ಕ್ಯಾನಿಂಗ್ ಕೊಠಡಿಯಿಂದ ಹೊರಬಂದವರು ಬೆಂಚಿನ ಮೇಲೆ ಕೂತು ಮಾಡುವ ಮೊದಲ ಕೆಲಸ, ವರದಿಯ ಅಂಕಿಗಳನ್ನು ಒಂದೊಂದಾಗಿ ಮೊಬೈಲ್‌ನಲ್ಲಿ ಹುಡುಕುವುದು. ಹತ್ತು ನಿಮಿಷದೊಳಗೆ ಮಗುವಿನ ತಲೆ ಒಂದು ವಾರ ಚಿಕ್ಕದು, ತೊಡೆಮೂಳೆ ಮೂರು ದಿನ ದೊಡ್ಡದು ಎಂಬ ಲೆಕ್ಕ ಸಿಗುತ್ತದೆ, ಮುಖ ಬಾಡುತ್ತದೆ. ವರದಿಯನ್ನು ಬೇರೆ ಕ್ರಮದಲ್ಲಿ ಓದಿದರೆ ಈ ಗಾಬರಿಯಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಸವಿತಾ ಎಂಬ ಗರ್ಭಿಣಿಯ ಉದಾಹರಣೆ ಇಟ್ಟುಕೊಳ್ಳೋಣ. ಕೊನೆಯ ಮುಟ್ಟಿನ ಮೊದಲ ದಿನ 2025ರ ಜನವರಿ 1. ಅಲ್ಲಿಂದ 280 ದಿನ ಎಣಿಸಿದರೆ ಹೆರಿಗೆಯ ಅಂದಾಜು ದಿನ ಅಕ್ಟೋಬರ್ 8. ತಾಯಿ ಕಾರ್ಡ್‌ನಲ್ಲಿ ಬರೆದಿರುವುದೂ ಅದೇ. ಆಗಸ್ಟ್ 13ರಂದು ಅವರು ಬೆಳವಣಿಗೆಯ ಸ್ಕ್ಯಾನ್ ಮಾಡಿಸಿಕೊಂಡರು. ಅಂದಿಗೆ ಸರಿಯಾಗಿ 32 ವಾರ. ವರದಿಯಲ್ಲಿ ಮಾತ್ರ ‘ಸ್ಕ್ಯಾನ್ ಪ್ರಕಾರ 31 ವಾರ, ಹೆರಿಗೆ ಅಕ್ಟೋಬರ್ 15’ ಎಂದಿತ್ತು. ‘ಡೇಟು ಒಂದು ವಾರ ಮುಂದೆ ಹೋಯಿತು’ ಎಂದು ಅತ್ತೆ ಊರಿಗೆಲ್ಲ ಫೋನ್ ಮಾಡಿದರು.

ಮೊದಲ ಹೆಜ್ಜೆ: ಹಳೆಯ ವರದಿ ಹುಡುಕಿ

ಡೇಟು ಎಲ್ಲಿಗೂ ಹೋಗಿಲ್ಲ. ಆರಂಭದ ವಾರಗಳಲ್ಲಿ ಭ್ರೂಣಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆದ್ದರಿಂದ ತಲೆಯ ತುದಿಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ವಯಸ್ಸು ಕೆಲವೇ ದಿನಗಳ ವ್ಯತ್ಯಾಸದಲ್ಲಿ ತಿಳಿಯುತ್ತದೆ. ಮೊದಲ ವರದಿಯಲ್ಲಿ ‘ಸಿಆರ್‌ಎಲ್’ ಎಂದಿರುವುದು ಈ ಅಳತೆಯೇ. ಸವಿತಾ ಅವರ ಮಾರ್ಚ್ 5ರ ಸ್ಕ್ಯಾನ್‌ನಲ್ಲಿ ಅದು 8 ವಾರ 5 ದಿನ ತೋರಿಸಿತ್ತು. ಮುಟ್ಟಿನ ಲೆಕ್ಕದಲ್ಲಿ ಅಂದಿಗೆ 9 ವಾರ. ಎರಡು ದಿನದ ಅಂತರ ಲೆಕ್ಕಕ್ಕಿಲ್ಲ, ಹಾಗಾಗಿ ಅಕ್ಟೋಬರ್ 8 ಖಾಯಂ ಆಯಿತು. 9ರಿಂದ 14 ವಾರದೊಳಗಿನ ಸ್ಕ್ಯಾನ್‌ನಲ್ಲಿ ಅಂತರ ಒಂದು ವಾರ ಮೀರಿದ್ದರೆ, ಅದಕ್ಕೂ ಮುಂಚಿನದರಲ್ಲಿ ಐದು ದಿನ ಮೀರಿದ್ದರೆ, ವೈದ್ಯರು ಆಗಲೇ ತಾರೀಖು ಬದಲಿಸುತ್ತಿದ್ದರು. ಮುಟ್ಟು ಕ್ರಮವಾಗಿ ಬಾರದವರಲ್ಲಿ ಹೀಗೆ ಬದಲಿಸುವುದು ಸಾಮಾನ್ಯ.

32 ವಾರದ ಹೊತ್ತಿಗೆ ಮಕ್ಕಳು ತಮ್ಮ ತಮ್ಮ ಗಾತ್ರ ಹಿಡಿದಿರುತ್ತವೆ. ಯಂತ್ರಕ್ಕೆ ಮಗುವಿನ ವಯಸ್ಸು ಗೊತ್ತಿಲ್ಲ. ‘ಇಷ್ಟು ದೊಡ್ಡ ಮಗು ಸಾಮಾನ್ಯವಾಗಿ ಎಷ್ಟು ವಾರದ್ದು’ ಎಂದು ಪಟ್ಟಿ ನೋಡಿ ಹೇಳುತ್ತದೆ, ಅಷ್ಟೇ. ಅಂಗಡಿಯಲ್ಲಿ ಅಂಗಿಯ ಅಳತೆ ನೋಡಿ ಮಗುವಿನ ವಯಸ್ಸು ಹೇಳಿದ ಹಾಗೆ. ಕೊನೆಯ ತಿಂಗಳುಗಳ ವರದಿಗಳಲ್ಲಿ ಈ ಎರಡನೇ ತಾರೀಖನ್ನು ಅಚ್ಚು ಹಾಕದೇ ಇದ್ದರೆ ಒಳ್ಳೆಯದು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆದ್ದರಿಂದ ಪೆನ್ಸಿಲ್ ತೆಗೆದುಕೊಂಡು ವರದಿಯ ಮೇಲ್ಭಾಗದಲ್ಲಿ ‘ಇಂದು 32 ವಾರ’ ಎಂದು ನೀವೇ ಬರೆದುಕೊಳ್ಳಿ. ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಓದಿ.

ನಾಲ್ಕು ಅಳತೆ, ಒಂದು ತೂಕ

‘ಬಿಪಿಡಿ’ ಎಂದರೆ ತಲೆಯ ಅಗಲ, ‘ಎಚ್‌ಸಿ’ ತಲೆಯ ಸುತ್ತಳತೆ, ‘ಎಸಿ’ ಹೊಟ್ಟೆಯ ಸುತ್ತಳತೆ, ‘ಎಫ್‌ಎಲ್’ ತೊಡೆಮೂಳೆಯ ಉದ್ದ. ನಾಲ್ಕೂ ಒಂದೇ ವಾರ ತೋರಿಸಬೇಕೆಂದಿಲ್ಲ. ಅಗಲ ಕಡಿಮೆ ಇದ್ದು ಸುತ್ತಳತೆ ಸರಿಯಿದ್ದರೆ ತಲೆ ತುಸು ಉದ್ದನೆಯ ಆಕಾರದಲ್ಲಿದೆ ಎಂದರ್ಥ. ಮಗು ತಲೆ ಮೇಲಾಗಿ, ಅಂದರೆ ‘ಬ್ರೀಚ್’ ಆಗಿ ಕೂತಿದ್ದಾಗ ಇದು ಆಗಾಗ ಕಾಣುತ್ತದೆ. ಆಗ ಸುತ್ತಳತೆಯನ್ನೇ ನಂಬಬೇಕು.

ನಾಲ್ಕರಲ್ಲಿ ನಾವು ಹೆಚ್ಚು ಹೊತ್ತು ನೋಡುವುದು ಹೊಟ್ಟೆಯನ್ನು. ಪೋಷಣೆ ಕಡಿಮೆಯಾದರೆ ಮಗು ಮಿದುಳಿಗೆ ರಕ್ತ ಉಳಿಸಿಕೊಂಡು ಯಕೃತ್ತಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಹೊಟ್ಟೆಯ ಅಳತೆ ಮೊದಲು ಹಿಂದೆ ಬೀಳುತ್ತದೆ. ತಾಯಿಗೆ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಅದೇ ಹೊಟ್ಟೆ ವಾರ ಮೀರಿ ಬೆಳೆಯುತ್ತದೆ.

ಈ ಅಳತೆಗಳನ್ನು ಸೂತ್ರಕ್ಕೆ ಹಾಕಿ ಬರುವುದೇ ಅಂದಾಜು ತೂಕ. ಸವಿತಾ ಅವರ ವರದಿಯಲ್ಲಿ 1,750 ಗ್ರಾಂ, 20ನೇ ಪರ್ಸೆಂಟೈಲ್. ಪ್ರವೇಶ ಪರೀಕ್ಷೆಗಳ ಪರ್ಸೆಂಟೈಲ್ ನೋಡಿ ಅಭ್ಯಾಸವಾದ ಮನೆಗಳಲ್ಲಿ 20 ಎಂದರೆ ಎದೆ ಧಸಕ್ಕೆನ್ನುತ್ತದೆ. ಇದು ನೂರಕ್ಕೆ ಇಪ್ಪತ್ತು ಅಂಕವಲ್ಲ. 32 ವಾರದ ನೂರು ಮಕ್ಕಳನ್ನು ಚಿಕ್ಕವರಿಂದ ದೊಡ್ಡವರ ಕಡೆಗೆ ಸಾಲಾಗಿ ನಿಲ್ಲಿಸಿದರೆ ಈ ಮಗು ಇಪ್ಪತ್ತನೆಯದು. 10ರಿಂದ 90ರವರೆಗೆ ಯಾವ ಜಾಗದಲ್ಲಿದ್ದರೂ ಸಾಮಾನ್ಯವೇ. 10ಕ್ಕಿಂತ ಕೆಳಗಿದ್ದರೆ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಡಾಪ್ಲರ್‌ನಲ್ಲಿ ನೋಡುತ್ತೇವೆ. 3ಕ್ಕಿಂತ ಕೆಳಗಿದ್ದರೆ ಇನ್ನೂ ಬಿಗಿಯಾಗಿ ಹಿಂಬಾಲಿಸುತ್ತೇವೆ.

ಒಂದು ಮಿತಿ ನೆನಪಿರಲಿ. ಈ ತೂಕ ತಕ್ಕಡಿಯಲ್ಲಿ ಇಟ್ಟದ್ದಲ್ಲ, ಶೇ 15ರವರೆಗೆ ಹೆಚ್ಚುಕಡಿಮೆ ಆಗಬಹುದು. 1,750 ಎಂದರೆ ಸುಮಾರು ಒಂದೂವರೆ ಕಿಲೋದಿಂದ ಎರಡು ಕಿಲೋದೊಳಗೆ ಎಲ್ಲಿಯಾದರೂ ಇರಬಹುದು. ಆದ್ದರಿಂದಲೇ ಬೆಳವಣಿಗೆ ಅಳೆಯಲು ಎರಡು ವಾರದೊಳಗೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಆದ ಬೆಳವಣಿಗೆ ಯಾವುದು, ಅಳತೆಯ ತಪ್ಪು ಯಾವುದು ಎಂದು ಬಿಡಿಸಿ ಹೇಳಲಾಗದು.

ನೀರು ಮತ್ತು ಮಾಸು

‘ಎಎಫ್‌ಐ’ ಎಂದರೆ ಮಗುವಿನ ಸುತ್ತಲಿನ ನೀರಿನ ಅಂದಾಜು. ತಾಯಿಯ ಹೊಟ್ಟೆಯನ್ನು ಹೊಕ್ಕುಳಿನ ಸುತ್ತ ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲೂ ಅತಿ ಆಳದ ನೀರನ್ನು ಸೆಂಟಿಮೀಟರಿನಲ್ಲಿ ಅಳೆದು ಕೂಡಿಸುತ್ತಾರೆ. 5ಕ್ಕಿಂತ ಕೆಳಗಾದರೆ ಕಡಿಮೆ, 25 ದಾಟಿದರೆ ಹೆಚ್ಚು. ಕಳೆದ ಸಲ 14 ಇದ್ದದ್ದು ಈ ಸಲ 11 ಆಗಿದ್ದರೆ ನೀರು ಸೋರುತ್ತಿದೆ ಎಂದಲ್ಲ. ಮಗು ಮಗ್ಗುಲು ಬದಲಿಸಿದರೂ ಇಷ್ಟು ವ್ಯತ್ಯಾಸ ಬರುತ್ತದೆ.

ಮಾಸು ಗರ್ಭಕೋಶದ ಮುಂಗೋಡೆಯಲ್ಲಿದ್ದರೆ ‘ಆಂಟೀರಿಯರ್’, ಹಿಂಗೋಡೆಯಲ್ಲಿದ್ದರೆ ‘ಪೋಸ್ಟೀರಿಯರ್’. ಎರಡೂ ಸರಿಯೇ. ಗಮನಿಸಬೇಕಾದ ಪದ ‘ಲೋ ಲೈಯಿಂಗ್’: ಮಾಸಿನ ಅಂಚು ಗರ್ಭಕೋಶದ ಬಾಯಿಗೆ ಎರಡು ಸೆಂಟಿಮೀಟರಿಗಿಂತ ಹತ್ತಿರವಿದೆ ಎಂದು. ಸವಿತಾ ಅವರ 20 ವಾರದ ವರದಿಯಲ್ಲಿ ಈ ಅಂತರ 1.2 ಸೆಂ.ಮೀ. ಇತ್ತು, 32ಕ್ಕೆ ನೋಡಿದಾಗ 4 ಸೆಂ.ಮೀ. ಮಾಸು ನಡೆದುಕೊಂಡು ಹೋಗಿಲ್ಲ, ಗರ್ಭಕೋಶದ ಕೆಳಭಾಗ ಉದ್ದವಾಗಿ ಬೆಳೆದು ಅದನ್ನು ಮೇಲಕ್ಕೆ ಒಯ್ದಿದೆ. 20 ವಾರದಲ್ಲಿ ಕೆಳಗಿರುವ ಮಾಸು ಬಹುಪಾಲು ಹೀಗೆಯೇ ಮೇಲೇರುತ್ತದೆ. 32 ವಾರದಲ್ಲೂ ಬಾಯಿಯನ್ನು ಮುಚ್ಚಿಕೊಂಡೇ ಇದ್ದರೆ ಹೆರಿಗೆ ಎಲ್ಲಿ, ಹೇಗೆ ಎಂಬ ಮಾತನ್ನು ವೈದ್ಯರೊಂದಿಗೆ ಆಗಲೇ ಆಡಬೇಕು.

ಹೃದಯ ಬಡಿತ ನಿಮಿಷಕ್ಕೆ 110ರಿಂದ 160. ನೂರನಲವತ್ತು ದಾಟಿದರೆ ಹೆಣ್ಣು, ಮಾಸು ಮುಂದಿದ್ದರೆ ಗಂಡು ಎಂಬ ಲೆಕ್ಕಗಳಿಗೆ ಬುಡವಿಲ್ಲ. ವರದಿಯ ಕೊನೆಯಲ್ಲಿರುವ ಘೋಷಣೆ, ಲಿಂಗ ಪತ್ತೆ ಮಾಡಿಲ್ಲ, ತಿಳಿಸಿಲ್ಲ ಎಂಬುದು, 1994ರ ಕಾಯ್ದೆಯಂತೆ ಬಂದದ್ದು.

ವರದಿ ಎಷ್ಟೇ ಚೆನ್ನಾಗಿರಲಿ, ಅದು ಅಂದಿನ ಮಾತು. ಮರುದಿನ ಮಗುವಿನ ಅಲುಗಾಟ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ವರದಿಯನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ಸವಿತಾ ಸೆಪ್ಟೆಂಬರ್ 3ಕ್ಕೆ ಮತ್ತೆ ಸ್ಕ್ಯಾನ್ ಮಾಡಿಸಿದರು. 35 ವಾರ, 2,320 ಗ್ರಾಂ, ಮತ್ತೆ 20ನೇ ಪರ್ಸೆಂಟೈಲ್. ಮಗು ಸಾಲಿನಲ್ಲಿ ತನ್ನ ಜಾಗ ಬಿಟ್ಟುಕೊಟ್ಟಿರಲಿಲ್ಲ. ಯಂತ್ರ ಈ ಸಲ ಹೆರಿಗೆಗೆ ಅಕ್ಟೋಬರ್ 17 ಎಂದು ಅಚ್ಚು ಹಾಕಿತ್ತು. ತಾಯಿ ಕಾರ್ಡ್‌ನಲ್ಲಿ 8 ಎಂದೇ ಉಳಿಯಿತು.