ಶೆಲ್ಫಿನ ಚಿತ್ರದಲ್ಲಿ ಹೊಸ ಪೆಟ್ಟಿಗೆ, ಮೇಲಿನ ಹಲಗೆಯ ನೆರಳು

ಮಂಗಳೂರಿನ ಆಹಾರ ತಯಾರಕರೊಬ್ಬರು ನೀರುದೋಸೆ ಹಿಟ್ಟಿನ ರಟ್ಟಿನ ಪೆಟ್ಟಿಗೆಯ ವಿನ್ಯಾಸ ಬದಲಿಸಿದಾಗ, ಅದು ಅಚ್ಚಾಗುವ ಮೊದಲೇ ಅಂಗಡಿಯಲ್ಲಿ ಹೇಗೆ ಕಾಣುತ್ತದೆಂದು ವಿತರಕರಿಗೆ ತೋರಿಸುವ ಚಿತ್ರ ಸಿದ್ಧಪಡಿಸುವ ಕೆಲಸ ನನಗೆ ಬಂತು. ಅದಕ್ಕೆ ಬಳಸಿದ, ಉಡುಪಿಯ ಅಂಗಡಿಯೊಂದರ ಶೆಲ್ಫಿನ ಫೋಟೋದಲ್ಲಿ ಎಡಕ್ಕೆ ಪುನರ್ಪುಳಿ ಶರಬತ್ತಿನ ಬಾಟಲಿಗಳು, ಬಲಕ್ಕೆ ರವೆಯ ಬಿಳಿ ಪೆಟ್ಟಿಗೆಗಳು, ನಡುವೆ ನಾಲ್ಕು ಹಳೆಯ ಕೆಂಪು ಪೆಟ್ಟಿಗೆಗಳಿದ್ದವು. ಹಳೆಯದರ ಎತ್ತರ 18 ಸೆಂ.ಮೀ., ಹೊಸ ಹಸಿರು ಪೆಟ್ಟಿಗೆಯದು 16.5 ಸೆಂ.ಮೀ.; ಅಗಲ ಒಂದೇ. ಕೆಲಸದ ಕಷ್ಟವೆಲ್ಲ ಈ ಒಂದೂವರೆ ಸೆಂಟಿಮೀಟರಿನಲ್ಲಿಯೇ ಇತ್ತು.

ಚಿತ್ರದಲ್ಲಿ ಹಳೆಯ ಪೆಟ್ಟಿಗೆ 720 ಪಿಕ್ಸೆಲ್ ಎತ್ತರವಿತ್ತು, ಅಂದರೆ ಸೆಂಟಿಮೀಟರಿಗೆ 40. ಆದ್ದರಿಂದ ಹೊಸದಕ್ಕೆ 660 ಪಿಕ್ಸೆಲ್ ಸಲ್ಲಬೇಕು. ಫೋಟೋಶಾಪಿನಲ್ಲಿ ಹೊಸ ಮುಖವನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಅದರ ನಾಲ್ಕು ಪ್ರತಿಗಳನ್ನು ತೆಗೆದುಕೊಂಡೆ. ವಿನ್ಯಾಸದಲ್ಲಿ ಅಕ್ಷರವೊಂದು ಬದಲಾದರೂ ಒಂದೇ ಕಡೆ ತಿದ್ದಿದರೆ ಸಾಕಾಗುತ್ತದೆ. ಪ್ರತಿಯೊಂದರ ಬುಡದ ಎರಡು ಮೂಲೆಗಳನ್ನು ಹಳೆಯ ಪೆಟ್ಟಿಗೆಯ ಬುಡದ ಮೂಲೆಗಳಿಗೇ ಕೂರಿಸಿ, ಅನಂತರ ಮೇಲಿನ ಮೂಲೆಗಳನ್ನು ಎಳೆದೆ. ಮೂರನೆಯ ಪೆಟ್ಟಿಗೆ ತುಸು ಓರೆಯಾಗಿತ್ತು. ಅದನ್ನು ನೇರಗೊಳಿಸಲಿಲ್ಲ, ಏಕೆಂದರೆ ಆ ಓರೆಯಿಂದ ಹುಟ್ಟಿದ ಸಂದಿಯೂ ಅದರೊಳಗಿನ ಕತ್ತಲೂ ಚಿತ್ರದಲ್ಲಿ ಈಗಾಗಲೇ ಇವೆ.

ತಲೆಯ ಮೇಲೆ ತೆರವಾದ 60 ಪಿಕ್ಸೆಲ್ ಜಾಗದಲ್ಲಿ ಶೆಲ್ಫಿನ ಹಿಂಬದಿ ಕಾಣಬೇಕು. ಹಳೆಯ ಪೆಟ್ಟಿಗೆಗಳ ಮೇಲ್ಗಡೆ ಕಾಣುತ್ತಿದ್ದ ಹಿಂಬದಿಯ ಪಟ್ಟಿಯನ್ನೇ ಕ್ಲೋನ್ ಮಾಡಿ ಕೆಳಕ್ಕೆ ಮುಂದುವರಿಸಿದೆ.

ನೆರಳಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹಳೆಯ ಪೆಟ್ಟಿಗೆಯ ಛಾಯೆಯನ್ನು ಕುಗ್ಗಿಸಿ ಹೊಸದರ ಮೇಲೆ ಹೊದಿಸಿದರೆ ತಪ್ಪಾಗುತ್ತದೆ. ಮೇಲಿನ ಹಲಗೆಯ ನೆರಳು ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಹಲಗೆ ಮತ್ತು ದೀಪಗಳ ಸ್ಥಾನವೇ ಹೊರತು ಪೆಟ್ಟಿಗೆಯ ಎತ್ತರವಲ್ಲ. ಗಿಡ್ಡ ಪೆಟ್ಟಿಗೆಯ ತಲೆ ಆ ಕತ್ತಲೊಳಗೆ ಅಷ್ಟು ಹೋಗುವುದೇ ಇಲ್ಲ. ಹೀಗಾಗಿ ಪಕ್ಕದ ಬಿಳಿ ಪೆಟ್ಟಿಗೆಯ ಮೇಲೆ, ಒಂದೊಂದು ಎತ್ತರದಲ್ಲಿ ಬೆಳಕು ಎಷ್ಟಿದೆ ಎಂದು ಐಡ್ರಾಪರಿನಿಂದ ಓದಿದೆ: ಕಪ್ಪಿಗೆ 0, ಅಚ್ಚ ಬಿಳಿಗೆ 255 ಎಂಬ ಅಳತೆಯಲ್ಲಿ, ಬುಡದ ಹತ್ತಿರ 210ರ ಆಸುಪಾಸಿನಲ್ಲಿದ್ದ ಬಿಳಿ, ಮೇಲಕ್ಕೆ ಹೋದಂತೆ 130ಕ್ಕೆ ಇಳಿದಿತ್ತು. ಅದೇ ಎತ್ತರಗಳಿಗೆ ಅದೇ ಪ್ರಮಾಣದಲ್ಲಿ ಮಲ್ಟಿಪ್ಲೈ ಪದರದಲ್ಲಿ ಛಾಯೆ ಬಳಿದೆ. ಬುಡದ ತೆಳುವಾದ ಕಪ್ಪು ಗೆರೆಯನ್ನು ಮೂಲ ಚಿತ್ರದಿಂದಲೇ ಉಳಿಸಿಕೊಂಡೆ. ಅದಿಲ್ಲದಿದ್ದರೆ ಪೆಟ್ಟಿಗೆ ಹಲಗೆಯಿಂದ ಮೇಲೆದ್ದು ತೇಲುತ್ತದೆ.

ಮುದ್ರಣದ ಕಡತದ ಕಪ್ಪು ಅಂಗಡಿಯ ಚಿತ್ರದಲ್ಲಿ ಎಲ್ಲಿಯೂ ಇರದಷ್ಟು ಗಾಢವಾಗಿರುತ್ತದೆ. ಕರ್ವ್ಸ್‌ನಲ್ಲಿ ಅದನ್ನು ಶರಬತ್ತಿನ ಲೇಬಲಿನ ಕಪ್ಪಿನ ಮಟ್ಟಕ್ಕೆ ಎತ್ತಿ, ಅಕ್ಷರಗಳ ಅಂಚು ನೆರೆಯ ಅಕ್ಷರಗಳಷ್ಟೇ ಮೃದುವಾಗುವವರೆಗೆ ಅರ್ಧ ಪಿಕ್ಸೆಲಿನಷ್ಟು ಬ್ಲರ್ ಕೊಟ್ಟೆ.

ಇಷ್ಟಾದರೂ ರವೆಯ ಪೆಟ್ಟಿಗೆಯ ಅಂಚು ಏಕೋ ಹೊಂದುತ್ತಿರಲಿಲ್ಲ. ಹಳೆಯ ಕೆಂಪಿನ ಪ್ರತಿಫಲನ ಆ ಬಿಳಿಯ ಮೇಲೆ ಗುಲಾಬಿ ಛಾಯೆಯಾಗಿ ಉಳಿದಿತ್ತು. ನೆರೆಯ ವಸ್ತುವನ್ನು ಮುಟ್ಟಬಾರದು ಎಂಬುದು ನನ್ನ ನಿಯಮವಾದರೂ, ಇಲ್ಲಿ ಆ ಅಂಚಿನ ಬೆಳಕನ್ನು ಹಾಗೆಯೇ ಬಿಟ್ಟು ಬಣ್ಣವನ್ನು ಮಾತ್ರ ತೆಗೆದು, ಹಸಿರಿನ ಅತಿ ತೆಳುವಾದ ಲೇಪ ಕೊಟ್ಟೆ.