ಎಲ್ಲ ಹಿಂದಿನಂತೆಯೇ ಎಂದು ಬರೆಯುವ ಮುಂಚೆ

ನಮ್ಮದು ಹೋಟೆಲುಗಳಿಗೆ ಪಾರ್ಸೆಲ್ ಡಬ್ಬಿ, ಕಾಗದದ ಲೋಟ, ಟಿಶ್ಯೂ ಒದಗಿಸುವ ಪಾಲುದಾರಿಕೆ ಸಂಸ್ಥೆ. ಮೂವತ್ತೊಂದು ವರ್ಷ ಮುಂಬಯಿಯ ಮಸ್ಜಿದ್ ಬಂದರಿನ ಒಂದು ಗಾಳಾದಲ್ಲಿ, ಅಂದರೆ ವ್ಯಾಪಾರದ ಕಟ್ಟಡವೊಂದರ ಮಳಿಗೆಯಲ್ಲಿದ್ದು, ಕಳೆದ ಡಿಸೆಂಬರ್ 1ಕ್ಕೆ ಅಂಧೇರಿ ಪೂರ್ವದ ಮರೋಳಕ್ಕೆ ಬಂದೆವು. ಲೆಕ್ಕಪತ್ರ ನೋಡಿಕೊಳ್ಳುವವನು ನಾನಾದ್ದರಿಂದ ಗಿರಾಕಿಗಳಿಗೂ ನಮಗೆ ಮಾಲು ಕೊಡುವವರಿಗೂ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ: ‘ಡಿಸೆಂಬರ್ 1ರಿಂದ ನಮ್ಮ ಕಚೇರಿ ಕೆಳಗಿನ ವಿಳಾಸದಲ್ಲಿರುತ್ತದೆ. ದೂರವಾಣಿ, ಮೊಬೈಲ್, ಇಮೇಲ್ ಎಲ್ಲ ಹಿಂದಿನಂತೆಯೇ.’ ಅಚ್ಚಿಗೆ ಕೊಡುವ ಮುಂಚೆ ಎರಡನೆಯ ವಾಕ್ಯ ನಿಜವೇ ಎಂದು ವಿಚಾರಿಸಬೇಕೆಂದು ತೋಚಿದ್ದು ನನ್ನ ಪುಣ್ಯ.

ನಿಜವಾಗಿರಲಿಲ್ಲ. ನಮ್ಮ ಸ್ಥಿರ ದೂರವಾಣಿಯನ್ನು ಮರೋಳಕ್ಕೆ ವರ್ಗಾಯಿಸಲು ಅರ್ಜಿ ಹಿಡಿದು ಹೋದಾಗ ಕೌಂಟರಿನಾಕೆ ಹೇಳಿದರು, ಹೊಸ ಜಾಗ ಬೇರೆ ಎಕ್ಸ್‌ಚೇಂಜಿಗೆ ಸೇರಿದ್ದು, ಸಂಪರ್ಕ ಬರುತ್ತದೆ, ಸಂಖ್ಯೆ ಬರುವುದಿಲ್ಲ. ಮಾಟುಂಗಾ, ಫೋರ್ಟ್ ಕಡೆಯ ಹಳೆಯ ಹೋಟೆಲಿನವರಿಗೆ ಆ ಸಂಖ್ಯೆ ಬಾಯಿಪಾಠ. ಮೊಬೈಲಿಗೆ ಯಾರೂ ಆರ್ಡರ್ ಹೇಳುತ್ತಿರಲಿಲ್ಲ. ‘ಸಂಖ್ಯೆ ಹೋದರೆ ಗಿರಾಕಿ ಹೋದ ಹಾಗೆ ಮಾರಾಯರೇ, ಏನಾದರೂ ಮಾಡಿ’ ಎಂದರು ನಮ್ಮ ಧಣಿಗಳು. ಕೊನೆಗೆ ಕಂಡ ದಾರಿ ಇಷ್ಟು: ಮಸ್ಜಿದ್ ಬಂದರಿನ ಹಳೆಯ ಕಟ್ಟಡದಲ್ಲೇ ಕೆಳಗಿನ ಮಹಡಿಯಲ್ಲಿ ಧಣಿಗಳ ಭಾವನ ಅಂಗಡಿಯಿದೆ. ಕಟ್ಟಡ ಅದೇ ಆದ್ದರಿಂದ ಸಂಪರ್ಕವನ್ನು ಹಳೆಯ ಸಂಖ್ಯೆಯ ಸಮೇತ ಅಲ್ಲಿಗೆ ಇಳಿಸಿ, ಕರೆಗಳು ನಮ್ಮ ಮೊಬೈಲಿಗೆ ಹೋಗುವಂತೆ ಮಾಡಿಸಿದೆವು. ಆದರೆ ಪರರ ಅಂಗಡಿಯಲ್ಲಿ ಎಷ್ಟು ದಿನ? ಹಾಗಾಗಿ ಪತ್ರದಲ್ಲಿ ಸಾಲನ್ನು ತಿದ್ದಿದೆ: ‘ಮೊಬೈಲ್ ಮತ್ತು ಇಮೇಲ್ ಬದಲಾಗುವುದಿಲ್ಲ. ಸ್ಥಿರ ದೂರವಾಣಿ ಮಾರ್ಚ್ 31ರವರೆಗೆ ಮಾತ್ರ ಇರುತ್ತದೆ.’ ಮುಗಿಯುವ ತಾರೀಖು ಕಣ್ಣಿಗೆ ಬಿದ್ದಿದ್ದರಿಂದಲೇ ಹೆಚ್ಚಿನವರು ಮೊಬೈಲ್ ಸಂಖ್ಯೆ ಬರೆದುಕೊಂಡರು ಎಂದು ನನ್ನ ಲೆಕ್ಕ.

ಬದಲಾಗದ ಇನ್ನೊಂದನ್ನು ನಾನು ಮೊದಲ ಕರಡಿನಲ್ಲಿ ಬರೆದೇ ಇರಲಿಲ್ಲ. ಅದು ಬ್ಯಾಂಕ್ ಖಾತೆ. ಅದಕ್ಕೂ ಹಿಂದಿನ ವರ್ಷ, ನಮಗೆ ಲೋಟ ಕೊಡುವ ಕಾರ್ಖಾನೆಯ ಹೆಸರಿನಲ್ಲಿ ಒಂದು ಇಮೇಲ್ ಬಂದಿತ್ತು. ನಾವು ಕಚೇರಿ ಬದಲಾಯಿಸಿದ್ದೇವೆ, ಜೊತೆಗೆ ಖಾತೆಯನ್ನೂ ಬದಲಾಯಿಸಿದ್ದೇವೆ, ಬಾಕಿಯನ್ನು ಇದಕ್ಕೆ ಹಾಕಿ ಎಂದು. ಲೆಟರ್‌ಹೆಡ್, ಮುದ್ರೆ ಎಲ್ಲ ಸರಿಯಾಗಿತ್ತು, ಇಮೇಲ್ ವಿಳಾಸದಲ್ಲಿ ಮಾತ್ರ ಒಂದಕ್ಷರ ಹೆಚ್ಚು. ನಮ್ಮ ಹುಡುಗ ಹಣ ಹಾಕುವ ಮುಂಚೆ ಆ ಕಾರ್ಖಾನೆಯ ಹಳೆಯ ಸಂಖ್ಯೆಗೆ ಫೋನ್ ಮಾಡಿದ್ದರಿಂದ ಉಳಿದುಕೊಂಡೆವು. ಸ್ಥಳಾಂತರದ ಸುದ್ದಿ ಹೊರಬಿದ್ದರೆ ಸಾಕು, ಇಂಥವರಿಗೆ ನೆಪ ಸಿಕ್ಕಂತೆ. ಅದಕ್ಕೇ ವಿಳಾಸದ ಕೆಳಗೇ ದಪ್ಪಕ್ಷರದಲ್ಲಿ ಹೀಗೆ ಹಾಕಿದೆ:

‘ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ಬದಲಾಗಿದೆ ಎಂದು ನಮ್ಮ ಹೆಸರಿನಲ್ಲಿ ಪತ್ರ ಬಂದರೆ, ಆ ಪತ್ರದಲ್ಲಿರುವ ಸಂಖ್ಯೆಗೆ ಅಲ್ಲ, ನಿಮ್ಮಲ್ಲಿ ಮೊದಲಿನಿಂದ ಇರುವ ನಮ್ಮ ಸಂಖ್ಯೆಗೆ ಫೋನ್ ಮಾಡಿ ಕೇಳಿ.’

ಖಾತೆ ಸಂಖ್ಯೆಯನ್ನು ಪತ್ರದಲ್ಲಿ ಕೊಡಲಿಲ್ಲ. ಕೊಟ್ಟರೆ ಅದನ್ನೇ ತಿದ್ದಿ ಇನ್ನೊಬ್ಬ ಹಂಚಬಹುದು. ಗಿರಾಕಿಯ ಬಳಿ ಅದು ಹೇಗೂ ಇದೆ.

ಜಿಎಸ್‌ಟಿ ಸಂಖ್ಯೆಯೂ ಅದೇ ಉಳಿಯುತ್ತದೆ ಎಂದು ಒಂದು ಸಾಲು ಸೇರಿಸಿದೆ. ನೋಂದಣಿ ರಾಜ್ಯವಾರು ಆದ್ದರಿಂದ ಮಹಾರಾಷ್ಟ್ರದೊಳಗೆ ಎಲ್ಲಿಗೆ ಹೋದರೂ ಸಂಖ್ಯೆ ಬದಲಾಗದು. ಗೋವಾಕ್ಕೆ ಹೋಗಿದ್ದರೆ ಹೊಸ ನೋಂದಣಿಯೇ ಬೇಕಿತ್ತು. ಆದರೆ ಸಂಖ್ಯೆ ಅದೇ ಇದ್ದರೂ ಪ್ರಮಾಣಪತ್ರದ ಮೇಲಿನ ವಿಳಾಸ ಬದಲಾಗಬೇಕು. ನಾನು ಎಡವಿದ್ದು ಇಲ್ಲೇ. ಸ್ಥಳ ಬದಲಾದ 15 ದಿನಗಳೊಳಗೆ REG-14 ಅರ್ಜಿ ಹಾಕಬೇಕು, ಜೊತೆಗೆ ಹೊಸ ಜಾಗದ ಬಾಡಿಗೆ ಕರಾರು, ವಿದ್ಯುತ್ ಬಿಲ್ ಇತ್ಯಾದಿ. ಅಧಿಕಾರಿ ನೋಡಿ ಒಪ್ಪಿಗೆ ಕೊಡಲು 15 ಕೆಲಸದ ದಿನ ತೆಗೆದುಕೊಳ್ಳಬಹುದು. ನಾನು ಡಿಸೆಂಬರ್ 2ರಂದು ಅರ್ಜಿ ಹಾಕಿ, ಅದೇ ದಿನದಿಂದ ಹೊಸ ವಿಳಾಸದ ಬಿಲ್ ಪುಸ್ತಕ ಬಳಸತೊಡಗಿದೆ. ಸಣ್ಣ ಹೋಟೆಲುಗಳವರು ಗಮನಿಸಲೇ ಇಲ್ಲ. ದೊಡ್ಡ ಕೇಟರಿಂಗ್ ಕಂಪನಿಯೊಂದರ ಲೆಕ್ಕ ವಿಭಾಗ ಮಾತ್ರ ಎರಡು ಬಿಲ್ಲುಗಳನ್ನು ತಡೆಹಿಡಿಯಿತು. ಅವರ ಕಂಪ್ಯೂಟರಿನಲ್ಲಿ ನಮ್ಮ ವಿಳಾಸ ಮಸ್ಜಿದ್ ಬಂದರ್ 400003, ಬಿಲ್ಲಿನಲ್ಲಿ ಮರೋಳ 400059. ನಮ್ಮ ಸೂಚನಾಪತ್ರ ಕಳುಹಿಸಿದ್ದೇವಲ್ಲ ಎಂದೆ. ‘ಪತ್ರ ನಿಮ್ಮ ಮಾತು, ಪ್ರಮಾಣಪತ್ರ ಸರಕಾರದ ಮಾತು. ಅದು ಬಂದ ಮೇಲೆ ಕಳುಹಿಸಿ’ ಎಂದರು ಆ ವಿಭಾಗದ ಹೆಂಗಸು. ತಪ್ಪಿಲ್ಲ. ತಿದ್ದಿದ ಪ್ರಮಾಣಪತ್ರ ಬಂದದ್ದು ಡಿಸೆಂಬರ್ 17ಕ್ಕೆ. ಹಣ ಬಂದದ್ದು ಜನವರಿಯಲ್ಲಿ.

ಆಮೇಲೆ ಯೋಚಿಸಿದರೆ ಇದಕ್ಕೆ ಉಪಾಯ ಸುಲಭವಿತ್ತು. ಬಾಡಿಗೆ ಕರಾರು ಕೈಗೆ ಬಂದ ಕೂಡಲೇ, ನವೆಂಬರಿನಲ್ಲೇ, ಹೊಸ ಗಾಳಾವನ್ನು ‘ಹೆಚ್ಚುವರಿ ವ್ಯವಹಾರ ಸ್ಥಳ’ ಎಂದು ಸೇರಿಸಿಕೊಂಡಿದ್ದರೆ ಸ್ಥಳಾಂತರದ ದಿನಕ್ಕೆ ಪ್ರಮಾಣಪತ್ರದಲ್ಲಿ ಎರಡೂ ವಿಳಾಸ ಇರುತ್ತಿದ್ದವು. ಹೇಗೂ ಪತ್ರದಲ್ಲಿ ಎರಡು ತಾರೀಖು ಬೇಕಿತ್ತು: ಮಾಲು ಮತ್ತು ಟಪಾಲು ಯಾವತ್ತಿನಿಂದ ಹೊಸ ಜಾಗಕ್ಕೆ, ಬಿಲ್ಲಿನ ಮೇಲೆ ಹೊಸ ವಿಳಾಸ ಯಾವತ್ತಿನಿಂದ. ನಾನು ಎರಡನ್ನೂ ಒಂದೇ ಎಂದುಕೊಂಡೆ.

ಮಾಲು ಕೊಡುವವರ ವಿಷಯದಲ್ಲಿ ಆದದ್ದು ಬೇರೆ ಬಗೆಯ ಫಜೀತಿ. ಗಿರಾಕಿಗೆ ಬರೆದ ಪತ್ರವನ್ನೇ ಅವರಿಗೂ ಕಳುಹಿಸಿದ್ದೆ. ಡಿಸೆಂಬರ್ 4ರ ಬೆಳಿಗ್ಗೆ ಭಿವಂಡಿಯಿಂದ ಲೋಟದ ಪೆಟ್ಟಿಗೆ ತುಂಬಿದ ಟೆಂಪೊ ನೇರ ಹಳೆಯ ಗಾಳಾಕ್ಕೆ ಹೋಗಿ ನಿಂತಿತು. ಚಾಲಕ ಫೋನ್ ಮಾಡಿ, ಹಮಾಲರು ಅರ್ಧ ಇಳಿಸಿದ್ದಾರೆ, ಬೀಗ ಯಾಕೆ ಹಾಕಿದೆ ಎಂದು ಕೇಳಿದ. ಕಾರ್ಖಾನೆಯ ಕಚೇರಿಗೆ ಪತ್ರ ತಲುಪಿತ್ತು, ಸಾಗಣೆಯವನಿಗೆ ಯಾರೂ ಹೇಳಿರಲಿಲ್ಲ. ಇಳಿಸಿದ್ದನ್ನು ಮತ್ತೆ ಏರಿಸಿ ಮರೋಳಕ್ಕೆ ತರಿಸಲು ಹಮಾಲಿ ಮತ್ತು ಬಾಡಿಗೆ ಸೇರಿ 2,800 ರೂಪಾಯಿ ದಂಡ.

ಆ ಮಧ್ಯಾಹ್ನವೇ ಕುಳಿತು ಚಾಲಕರಿಗಾಗಿ ಬೇರೆ ಚೀಟಿ ಬರೆದೆ, ಹಿಂದಿಯಲ್ಲಿ ಐದು ಸಾಲು. ಅಂಧೇರಿ ಎಂದರೆ ಸಾಲದು, ‘ಪೂರ್ವ’ ಎಂಬುದು ಮೊದಲು ಬರಬೇಕು. ಇಲ್ಲವಾದರೆ ಕೊರಿಯರಿನವನೂ ಒಮ್ಮೆ ಪಶ್ಚಿಮ ಸುತ್ತಿ ಬರುತ್ತಾನೆ. ಆಮೇಲೆ ಮರೋಳ ನಾಕಾ ಮೆಟ್ರೊದಿಂದ ಯಾವ ಕಡೆ ತಿರುಗಬೇಕು, ಯಾವ ಗೇಟಿನಿಂದ ಒಳಗೆ, ಮಾಲು ಇಳಿಸಲು ಎಷ್ಟು ಗಂಟೆಯವರೆಗೆ ಬಿಡುತ್ತಾರೆ, ಯಾರಿಗೆ ಫೋನ್ ಮಾಡಬೇಕು. ಅದನ್ನು ಚಿತ್ರವಾಗಿ ಅಲ್ಲ, ಅಕ್ಷರವಾಗಿಯೇ ವಾಟ್ಸಾಪಿನಲ್ಲಿ ಕಳುಹಿಸಿದೆ, ನಕ್ಷೆಯಲ್ಲಿ ಅಂಟಿಸಿ ಹುಡುಕಲು ಆಗಬೇಕಲ್ಲ. ಮೊದಲ ಪತ್ರವನ್ನು ಚೆಂದದ ಚಿತ್ರವಾಗಿ ಮಾಡಿಸಿದ್ದೆ. ಆ ಚಿತ್ರದಿಂದ ಯಾರಿಗೂ ವಿಳಾಸ ನಕಲು ಮಾಡಿಕೊಳ್ಳಲಾಗಲಿಲ್ಲ.

ಮೂವತ್ತೆರಡು ಮಾಲುಗಾರರು, ನೂರ ನಲವತ್ತು ಗಿರಾಕಿಗಳು. ಒಂದು ಉದ್ದ ಪುಸ್ತಕದಲ್ಲಿ ಎಲ್ಲರ ಹೆಸರು ಬರೆದು, ‘ತಲುಪಿತು’ ಎಂದವರ ಮುಂದೆ ಗೀಟು ಹಾಕಿದೆ. ಗೀಟು ಬೀಳದ ಹನ್ನೊಂದು ಮಂದಿಗೆ ನಾನೇ ಫೋನ್ ಮಾಡಿದೆ. ಅಂಚೆ ಕಚೇರಿಗೆ ಹೊಸ ವಿಳಾಸಕ್ಕೆ ಟಪಾಲು ತಿರುಗಿಸಲು ಅರ್ಜಿಯನ್ನೂ ಕೊಟ್ಟೆ. ಅದು ಕೊರಿಯರಿಗೆ ಅನ್ವಯಿಸುವುದಿಲ್ಲ, ಚೆಕ್ಕುಗಳು ಬರುವುದೋ ಕೊರಿಯರಿನಲ್ಲಿ. ಹಾಗಾಗಿ ಹಳೆಯ ಕಟ್ಟಡದ ಕಾವಲುಗಾರನಿಗೆ ತಿಂಗಳಿಗೆ ಇಷ್ಟು ಎಂದು ಕೊಟ್ಟು, ಬಂದ ಲಕೋಟೆಗಳನ್ನು ಧಣಿಗಳ ಭಾವನ ಅಂಗಡಿಯಲ್ಲಿ ಇಡುವಂತೆ ಹೇಳಿದೆ. ಫೆಬ್ರವರಿಯ ತನಕ ಮೂರು ಚೆಕ್ ಹಾಗೆ ಸಿಕ್ಕವು.

ಮಾರ್ಚ್ 31ರ ಸಂಜೆ ಹಳೆಯ ಸಂಖ್ಯೆಯಿಂದ ತಿರುಗಿ ಬಂದ ಕೊನೆಯ ಕರೆ ಮಾಟುಂಗಾದ ಹೋಟೆಲಿನ ಭಟ್ಟರದು. ಐದು ಸಾವಿರ ಲೋಟ ಹೇಳಿ, ‘ನಾಳೆಯಿಂದ ಇದು ಬಂದ್ ಅಲ್ಲವೇ? ನಿಮ್ಮ ಮೊಬೈಲ್ ನಂಬರ್ ಇನ್ನೊಮ್ಮೆ ಹೇಳಿ, ಗೋಡೆಯ ಮೇಲೆ ಬರೆದುಕೊಳ್ಳುತ್ತೇನೆ’ ಎಂದರು.